ಇಲಿ ಕಡಿದರೂ ನಿಲ್ಲದ ಲೈನು

ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ನಾನು ಎಲೆಕ್ಟ್ರಿಷಿಯನ್ ಆಗಿ ಸೇರಿದಾಗ ಅಲ್ಲಿ ನೆಟ್‌ವರ್ಕ್ ಎಂಬುದೇ ಇರಲಿಲ್ಲ. ನೆಲ್ಯಹುದಿಕೇರಿಯಲ್ಲಿ ಬೆಳಗಿನ ಬಸ್ಸು ಹತ್ತಿ, ಗುಡ್ಡೆಹೊಸೂರು ದಾಟಿ ಹೋಗುತ್ತಿದ್ದೆ. ಡೆಸ್ಟೋನರ್, ಹಲ್ಲರ್, ಗ್ರೇಡರ್, ಇವುಗಳ ನಡುವೆ ಕಾಳು ಎತ್ತುವ ಎಲಿವೇಟರ್‌ಗಳು. ಪ್ರತಿಯೊಂದು ಮೋಟಾರಿನಿಂದಲೂ ಕಂಟ್ರೋಲ್ ರೂಮಿಗೆ ಹೆಬ್ಬೆರಳು ಗಾತ್ರದ ಕೇಬಲ್ಲು, ಅಲ್ಲಿ ಗೋಡೆ ತುಂಬ ಟಕಟಕ ಎನ್ನುವ ರಿಲೇಗಳು. ಮುಂದಿನ ಎಲಿವೇಟರ್ ನಿಂತರೆ ಹಿಂದಿನ ಹಲ್ಲರ್ ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ಕಾಳು ಬೂಟಿನಲ್ಲಿ ತುಂಬಿ ಚೋಕ್ ಆಗುತ್ತದೆ. ಆಮೇಲೆ ಬಾಗಿಲು ಬಿಚ್ಚಿ ಕೈಯಲ್ಲೇ ಬಗೆದು ತೆಗೆಯಬೇಕು.

ಆ ರಿಲೇಗಳ ಜಾಗಕ್ಕೆ ಪಿಎಲ್‌ಸಿ ಬಂತು, ದಪ್ಪ ಕೇಬಲ್ಲುಗಳ ಜಾಗಕ್ಕೆ ಈಥರ್ನೆಟ್. ಒಂದು ಪ್ಯಾನೆಲ್ಲಿನ ಸ್ವಿಚ್ಚಿನಿಂದ ಮುಂದಿನದಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ ತಂತಿ ಎಳೆದರು. ಕೇಬಲ್ ಉಳಿಯಿತು, ನಿಜ. ಆದರೆ ಮಳೆಗಾಲದಲ್ಲಿ ನಮ್ಮೂರಿನ ಕರೆಂಟು ಲೈನಿನ ಮೇಲೆ ಮರ ಬಿದ್ದರೆ ಅಲ್ಲಿಂದಾಚೆಗೆಲ್ಲ ಕತ್ತಲೆಯಾಗುವಂತೆ, ಇಲ್ಲಿ ನಡುವೆ ಒಂದು ಕಡೆ ತುಂಡಾದರೆ ಆಚೆಗಿನ ಪ್ಯಾನೆಲ್ಲುಗಳೆಲ್ಲ ಮೂಕ. ಇಂಟರ್‌ಲಾಕ್ ಇರುವುದರಿಂದ ಈಚೆಯವೂ ನಿಲ್ಲುತ್ತವೆ. ಕಾಫಿ ಗೋದಾಮಿನಲ್ಲಿ ಇಲಿಗೇನು ಬರವೇ? ಅದಕ್ಕೆ ಕಾಳಿಗಿಂತ ಕೇಬಲ್ಲಿನ ಮೇಲಿನ ಹೊದಿಕೆಯೇ ಹೆಚ್ಚು ರುಚಿ.

ಹಾಗಾದರೆ ಕೊನೆಯ ಸ್ವಿಚ್ಚನ್ನೂ ಮೊದಲಿನದಕ್ಕೆ ಜೋಡಿಸಿ ರಿಂಗ್ ಮಾಡಿಬಿಡಿ ಎಂದು ಯಾರಿಗಾದರೂ ಅನ್ನಿಸುತ್ತದೆ. ಒಂದು ಸಲ ಕಂಟ್ರಾಕ್ಟರನ ಹುಡುಗ ಯಾರನ್ನೂ ಕೇಳದೆ ಹಾಗೇ ಮಾಡಿದ. ಸ್ವಿಚ್ಚುಗಳ ದೀಪಗಳೆಲ್ಲ ಏಕಕಾಲಕ್ಕೆ ಹುಚ್ಚೆದ್ದು ಮಿನುಗಿದವು, ಕಂಟ್ರೋಲ್ ರೂಮಿನ ಸ್ಕ್ರೀನ್ ಹೆಪ್ಪುಗಟ್ಟಿತು. ಎಲ್ಲರಿಗೂ ಎಂದು ಕಳಿಸಿದ ಒಂದು ಈಥರ್ನೆಟ್ ಸಂದೇಶ ರಿಂಗಿನಲ್ಲಿ ಸಿಕ್ಕಿಕೊಂಡರೆ ಅದಕ್ಕೆ ಸಾವಿಲ್ಲ. ಸುತ್ತುತ್ತಲೇ ಇರುತ್ತದೆ, ಇನ್ನಷ್ಟು ಬಂದು ಸೇರುತ್ತವೆ, ದಾರಿಯೆಲ್ಲ ಅವುಗಳಿಂದಲೇ ತುಂಬುತ್ತದೆ. ಆ ಕೇಬಲ್ ಕಿತ್ತ ಕೂಡಲೇ ಎಲ್ಲ ಸರಿಹೋಯಿತು.

ಇದಕ್ಕೆ ಮದ್ದನ್ನು ರೇಡಿಯಾ ಪರ್ಲ್‌ಮನ್ ಎಂಬಾಕೆ 1985ರಲ್ಲೇ ಕಂಡುಹಿಡಿದಿದ್ದರು. ಸ್ಪ್ಯಾನಿಂಗ್ ಟ್ರೀ ಎಂದು ಅದರ ಹೆಸರು. ಸ್ವಿಚ್ಚುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದು ಕೊಂಡಿಯನ್ನು ಮುಚ್ಚಿಡುತ್ತವೆ, ಬೇರೆಡೆ ತುಂಡಾದರೆ ಅದನ್ನು ತೆರೆಯುತ್ತವೆ. ಆದರೆ ಹಳೆಯ ರೀತಿಯಲ್ಲಿ ತೆರೆಯುವ ಹೊತ್ತಿಗೆ 30ರಿಂದ 50 ಸೆಕೆಂಡು ಹೋಗುತ್ತದೆ. ಆಫೀಸಿನಲ್ಲಿ ಅಷ್ಟು ಹೊತ್ತು ಕಾಯಬಹುದು. ಓಡುತ್ತಿರುವ ಲೈನಿನಲ್ಲಿ ಆಗದು. 2001ರಲ್ಲಿ ಬಂದ ಅದರ ವೇಗದ ರೂಪ ಎಷ್ಟೋ ಮೇಲು, ಆದರೂ ಇಷ್ಟೇ ಹೊತ್ತಿನಲ್ಲಿ ಮುಗಿಸುತ್ತೇನೆ ಎಂಬ ಖಾತರಿಯನ್ನು ಅದು ಸುಲಭವಾಗಿ ಕೊಡುವುದಿಲ್ಲ.

ನಮ್ಮಲ್ಲಿ ಕೊನೆಗೆ ಹಾಕಿದ್ದು ಎಂಆರ್‌ಪಿ, ಅಂದರೆ ಮೀಡಿಯಾ ರಿಡಂಡೆನ್ಸಿ ಪ್ರೋಟೊಕಾಲ್. ಅದರ ಕೆಲಸ ಸರಳ. ರಿಂಗಿನಲ್ಲಿ ಒಂದು ಸ್ವಿಚ್ಚು ಮಾತ್ರ ಮ್ಯಾನೇಜರ್. ಅದು ತನ್ನ ಎರಡು ರಿಂಗ್ ಪೋರ್ಟುಗಳಲ್ಲಿ ಒಂದನ್ನು ಮಾಮೂಲಿ ಸಂದೇಶಗಳಿಗೆ ಮುಚ್ಚಿಡುತ್ತದೆ. ಆದರೆ ಎರಡೂ ಕಡೆಯಿಂದ 20 ಮಿಲಿಸೆಕೆಂಡಿಗೊಮ್ಮೆ ಪರೀಕ್ಷಾ ಸಂದೇಶ ಬಿಡುತ್ತದೆ. ಒಂದು ಪೋರ್ಟಿನಿಂದ ಹೊರಟದ್ದು ಇಡೀ ಕಾರ್ಖಾನೆ ಸುತ್ತಿ ಇನ್ನೊಂದಕ್ಕೆ ಬಂದರೆ ರಿಂಗ್ ಕೂಡಿದೆ ಎಂದರ್ಥ. ಸಾಲಾಗಿ ಮೂರು ಬರದಿದ್ದರೆ ಎಲ್ಲೋ ತುಂಡಾಗಿದೆ. ತಕ್ಷಣ ಮುಚ್ಚಿದ್ದ ಪೋರ್ಟನ್ನು ತೆರೆದು, ‘ಯಾರು ಯಾವ ಕಡೆ ಇದ್ದಾರೆಂಬ ಹಳೆಯ ಪಟ್ಟಿ ಅಳಿಸಿ’ ಎಂದು ಉಳಿದ ಸ್ವಿಚ್ಚುಗಳಿಗೆ ಹೇಳುತ್ತದೆ. ಪಟ್ಟಿ ಅಳಿಸದಿದ್ದರೆ ದಾರಿ ತೆರೆದೂ ಸಂದೇಶಗಳು ಹಳೆಯ ದಿಕ್ಕಿಗೇ ಹೋಗಿ ಸಾಯುತ್ತವೆ. ಸಾಮಾನ್ಯ ಹೊಂದಾಣಿಕೆಯಲ್ಲಿ 50 ಸ್ವಿಚ್ಚುಗಳ ರಿಂಗಿಗೂ ಇದೆಲ್ಲ 200 ಮಿಲಿಸೆಕೆಂಡಿನೊಳಗೆ ಮುಗಿಯಬೇಕು.

ಟ್ರಯಲ್ ದಿನ ಬೆಂಗಳೂರಿನಿಂದ ಬಂದ ಎಂಜಿನಿಯರು ಲೈನ್ ಓಡುತ್ತಿರುವಾಗಲೇ ಗ್ರೇಡರ್ ಪ್ಯಾನೆಲ್ಲಿನ ಕೇಬಲ್ ಕಿತ್ತರು. ಲೈನ್ ನಿಂತೇಬಿಟ್ಟಿತು. ಪಿಎಲ್‌ಸಿಯ ಕೆಂಪು ದೀಪ ಹತ್ತಿತ್ತು. “ಏನ್ ಸರ್, ಹಳೇದೇ ವಾಸಿಯಿತ್ತಲ್ಲ!” ಎಂದು ನಮ್ಮ ಹಿರಿಯ ಫಿಟ್ಟರ್ ನಕ್ಕರು. ಸ್ವಿಚ್ಚಿನ ಲಾಗ್ ತೆಗೆದು ನೋಡಿದರೆ ರಿಂಗ್ ತನ್ನ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಸಿತ್ತು. ಅಷ್ಟು ತಾಳ್ಮೆ ಇಲ್ಲದಿದ್ದದ್ದು ಪಿಎಲ್‌ಸಿಗೆ. ಅದು ಪ್ರತಿ ಪ್ಯಾನೆಲ್ಲಿನಿಂದ 8 ಮಿಲಿಸೆಕೆಂಡಿಗೊಮ್ಮೆ ಸುದ್ದಿ ಕೇಳುತ್ತಿತ್ತು. ಮೂರು ಸಲ ಉತ್ತರ ಬರದಿದ್ದರೆ, ಅಂದರೆ 24 ಮಿಲಿಸೆಕೆಂಡಿಗೆ, ಪ್ಯಾನೆಲ್ ಸತ್ತಿತೆಂದು ತೀರ್ಮಾನಿಸುತ್ತಿತ್ತು. ಎಂಜಿನಿಯರು ಆ ಮೂರನ್ನು 32 ಮಾಡಿದರು. 8ಕ್ಕೆ 32 ಗುಣಿಸಿದರೆ 256, ರಿಂಗಿನ 200ಕ್ಕಿಂತ ಮೇಲೆ. ಮತ್ತೆ ಕೇಬಲ್ ಕಿತ್ತರು. ಹಲ್ಲರ್ ಸದ್ದು ಬದಲಾಗಲೇ ಇಲ್ಲ.

ಅಷ್ಟು ಸಡಿಲ ಬಿಟ್ಟರೆ ಅಪಾಯವಲ್ಲವೇ ಎಂದು ಕೇಳಿದೆ. ಸೆಕೆಂಡಿಗೆ ಒಂದೂವರೆ ಮೀಟರ್ ಓಡುವ ಎಲಿವೇಟರ್ ಬೆಲ್ಟು ಆ ಹೊತ್ತಿನಲ್ಲಿ 40 ಸೆಂಟಿಮೀಟರ್ ಕೂಡ ಸರಿಯುವುದಿಲ್ಲ. ಕೆಟ್ಟ ಕಾಳನ್ನು ಗಾಳಿಯಿಂದ ಊದುವ ಕಲರ್ ಸಾರ್ಟರ್‌ಗೆ ಮಿಲಿಸೆಕೆಂಡಿನ ಲೆಕ್ಕ ಬೇಕು, ಆದರೆ ಆ ಲೆಕ್ಕ ಯಂತ್ರದೊಳಗೇ ನಡೆಯುತ್ತದೆ, ನೆಟ್‌ವರ್ಕಿಗೆ ಬರುವುದಿಲ್ಲ. ಎಮರ್ಜೆನ್ಸಿ ಸ್ಟಾಪ್ ಗುಂಡಿಗೆ ಪ್ರತ್ಯೇಕ ವೈರಿಂಗ್ ಇದೆ. ಒಂದು ಮಿಲಿಸೆಕೆಂಡಿನ ಕಡಿತವನ್ನೂ ಸಹಿಸದ ವಿದ್ಯುತ್ ಸಬ್‌ಸ್ಟೇಷನ್ನಿನಂಥ ಕಡೆ ಈ ಲೆಕ್ಕ ನಡೆಯದು. ಅಲ್ಲಿ ಪ್ರತಿ ಸಂದೇಶದ ಎರಡು ಪ್ರತಿಗಳನ್ನು ಎರಡು ದಾರಿಯಲ್ಲಿ ಕಳಿಸುವ ಬೇರೆ ಏರ್ಪಾಡುಗಳಿವೆ. ನಮಗೆ ಅದು ಬೇಕಿರಲಿಲ್ಲ.

ನನ್ನ ಕೆಲಸ ನಿಜವಾಗಿ ಬದಲಾದದ್ದು ಇದಾದ ಮೇಲೆ. ಮೊದಲು ಕೇಬಲ್ ತುಂಡಾದರೆ ಮಾಲೀಕರಿಂದ ಹಿಡಿದು ಮೂಟೆ ಹೊರುವವರ ತನಕ ಎಲ್ಲರಿಗೂ ಗೊತ್ತಾಗುತ್ತಿತ್ತು. ರಿಂಗ್ ಬಂದ ಮೇಲೆ ಯಾರಿಗೂ ಗೊತ್ತಾಗದಂತಾಯಿತು. ಒಂದು ಸೀಸನ್ನಿನ ನಡುವೆ ಫೋರ್ಕ್‌ಲಿಫ್ಟ್ ತಗುಲಿ ಒಂದು ಕೇಬಲ್ ಹರಿಯಿತು, ಲೈನ್ ನಿಂತಿತು. ರಿಂಗ್ ಇದ್ದೂ ಹೇಗೆ ನಿಂತಿತು ಎಂದು ಟ್ರೇ ಉದ್ದಕ್ಕೂ ಹುಡುಕಿಕೊಂಡು ಹೋದರೆ, ಹಲ್ಲರ್ ಹಿಂದೆ ಇನ್ನೊಂದು ತುಂಡು. ಹಲ್ಲಿನ ಗುರುತಿನ ಮೇಲೆ ಕಾಫಿ ಹೊಟ್ಟಿನ ಧೂಳು ದಪ್ಪಗೆ ಕೂತಿತ್ತು. ಇಲಿ ಯಾವಾಗಲೋ ಕಡಿದಿತ್ತು, ರಿಂಗ್ ಅದನ್ನು ಸದ್ದಿಲ್ಲದೆ ಸಂಭಾಳಿಸಿಕೊಂಡು ಬಂದಿತ್ತು. ಎರಡನೆಯ ತುಂಡಿನೊಂದಿಗೆ ನಡುವಿನ ಪ್ಯಾನೆಲ್ಲುಗಳು ದ್ವೀಪವಾದವು. ಮ್ಯಾನೇಜರ್ ಸ್ವಿಚ್ಚಿನ ದೀಪ ಬಣ್ಣ ಬದಲಿಸಿ ಹೇಳುತ್ತಲೇ ಇತ್ತು, ಬೀಗ ಹಾಕಿದ ಪ್ಯಾನೆಲ್ಲಿನೊಳಗೆ.

ಆ ಸ್ವಿಚ್ಚಿನಲ್ಲಿ ದೋಷ ತಿಳಿಸಲೆಂದೇ ಒಂದು ರಿಲೇ ಕಾಂಟ್ಯಾಕ್ಟ್ ಇರುತ್ತದೆ. ಅದನ್ನು ಅಂದಿನವರೆಗೂ ಯಾರೂ ಉಪಯೋಗಿಸಿರಲಿಲ್ಲ. ರಿಂಗ್ ತೆರೆದರೂ, ಸ್ವಿಚ್ಚಿಗೆ ಕರೆಂಟು ಹೋದರೂ ಹೂಟರ್ ಕೂಗುವಂತೆ ಅದಕ್ಕೆ ವೈರಿಂಗ್ ಮಾಡಿದೆವು. ಆಗ ಹೊಸದೊಂದು ಸಂಗತಿ ಗೊತ್ತಾಯಿತು: ಸಂಜೆ ಕೆಲಸವಿಲ್ಲದ ಸೆಕ್ಷನ್ನಿನ ಮೇನ್ ಆಫ್ ಮಾಡಿದಾಗಲೆಲ್ಲ ಹೂಟರ್ ಕೂಗುತ್ತಿತ್ತು. ಸ್ವಿಚ್ಚು ಸತ್ತರೂ ರಿಂಗಿಗೆ ಅದು ಕೇಬಲ್ ಕಡಿದ ಹಾಗೆಯೇ. ಎರಡು ಕಡೆ ಮೇನ್ ಆಫ್ ಮಾಡಿದರೆ ನಡುವಿನವು ಅನಾಥ. ಸ್ವಿಚ್ಚುಗಳಿಗೆಲ್ಲ ಮೇನ್ ಆಫ್ ಮಾಡಿದರೂ ಹೋಗದ ಪ್ರತ್ಯೇಕ 24 ವೋಲ್ಟ್ ಸಪ್ಲೈ ಎಳೆದೆವು.

ಕೊನೆಯದಾಗಿ ಹಿಂತಿರುಗುವ ಕೇಬಲ್ಲು. ಹಾಕುವಾಗ ಖರ್ಚು ಉಳಿಸಲು ಅದನ್ನೂ ಅದೇ ಟ್ರೇಯಲ್ಲಿ, ಹೋಗುವ ಕೇಬಲ್ಲಿನ ಪಕ್ಕದಲ್ಲೇ ಮಲಗಿಸಿದ್ದರು. ಚಿತ್ರದಲ್ಲಿ ರಿಂಗ್, ನೆಲದ ಮೇಲೆ ಒಂದೇ ದಾರಿ. ಒಂದೇ ಇಲಿ ಒಂದೇ ರಾತ್ರಿಯಲ್ಲಿ ಎರಡನ್ನೂ ಕಡಿಯಬಹುದಿತ್ತು. ಸೀಸನ್ ಮುಗಿದ ಮೇಲೆ ಅದನ್ನು ಬಿಚ್ಚಿ, ಎದುರು ಗೋಡೆಯ ಮೇಲೆ ಜಿಐ ಪೈಪಿನೊಳಗೆ ಎಳೆದೆವು. ಅದರ ಬಿಲ್ಲಿಗೆ ಸಹಿ ಹಾಕಿಸುವುದು ಇಡೀ ರಿಂಗ್ ಹಾಕಿಸಿದ್ದಕ್ಕಿಂತ ಕಷ್ಟವಾಯಿತು. ಲೈನ್ ಚೆನ್ನಾಗಿಯೇ ಓಡುತ್ತಿದೆಯಲ್ಲ ಎಂಬುದು ಆಫೀಸಿನವರ ಪ್ರಶ್ನೆಯಾಗಿತ್ತು.