ಸ್ವೀಟ್ ಬಾಕ್ಸ್‌ಗೆ ಎರಡು ಸಾಲು

ಗೂಗಲ್‌ನಲ್ಲಿ ಏನಾದ್ರೂ ಹುಡುಕಿದಾಗ ನೀಲಿ ಶೀರ್ಷಿಕೆಯ ಕೆಳಗೆ ಎರಡು ಸಾಲು ಕಾಣುತ್ತಲ್ಲ, ಅದನ್ನು ಯಾರೋ ಕೂತು ಬರೆದಿರಬಹುದು. ಅದಕ್ಕೆ ಮೆಟಾ ಡಿಸ್ಕ್ರಿಪ್ಷನ್ ಅಂತ ಹೆಸರು. ಸನಿವೇಲ್‌ನಲ್ಲಿ ನನಗೆ ಪರಿಚಯದ ಒಂದು ಕುಟುಂಬ ಸ್ವೀಟ್ ಅಂಗಡಿ ನಡೆಸುತ್ತೆ. ಅವರ ದೀಪಾವಳಿ ಗಿಫ್ಟ್ ಬಾಕ್ಸ್ ಪೇಜಿನ ಕನ್ನಡ ಆವೃತ್ತಿಗೆ ಈ ಎರಡು ಸಾಲು ಬೇಕಾಗಿತ್ತು.

ಅವರ ಹತ್ತಿರ ಆಗಲೇ ಒಂದು ಅನುವಾದ ಇತ್ತು: "ಅತ್ಯುತ್ತಮ ಗುಣಮಟ್ಟದ ಸಿಹಿತಿನಿಸುಗಳ ಉಡುಗೊರೆ ಪೆಟ್ಟಿಗೆಯನ್ನು ಇಂದೇ ಖರೀದಿಸಿರಿ." ವ್ಯಾಕರಣ ಸರಿಯಾಗಿದೆ. ಆದರೆ ಅಂಗಡಿಯ ಅಮ್ಮ ಗಿರಾಕಿಗಳ ಹತ್ತಿರ ಹೀಗೆ ಮಾತಾಡಲ್ಲ. ಪೆಟ್ಟಿಗೆ ಅಂದ್ರೆ ನಮಗೆ ಅಟ್ಟದ ಮೇಲಿನ ಟ್ರಂಕು ನೆನಪಾಗುತ್ತೆ. ಸ್ವೀಟು ಬರೋದು ಡಬ್ಬದಲ್ಲಿ, ಇಲ್ಲ ಬಾಕ್ಸ್‌ನಲ್ಲಿ.

ಅದಕ್ಕಿಂತ ದೊಡ್ಡ ತೊಂದರೆ ಕ್ರಿಯಾಪದದ್ದು. ಗೂಗಲ್ ಈ ವಿವರಣೆಗೆ ಇಷ್ಟೇ ಉದ್ದ ಅಂತ ಮಿತಿ ಹಾಕಿಲ್ಲ, ಆದರೆ ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿಸುತ್ತೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ವಾಕ್ಯ ಉದ್ದವಾದರೆ ಮೊದಲು ಹೋಗೋದು ಅದೇ, ಉಳಿಯೋದು ಅರ್ಧ ಮಾತು. ಇಂಗ್ಲಿಷ್‌ನ ಅಕ್ಷರಗಳ ಲೆಕ್ಕವೂ ಇಲ್ಲಿ ಸಹಾಯಕ್ಕೆ ಬರಲ್ಲ. "ಹಬ್ಬ" ನಮ್ಮ ಕಣ್ಣಿಗೆ ಎರಡಕ್ಷರ, ಕಂಪ್ಯೂಟರ್ ಎಣಿಸಿದರೆ ನಾಲ್ಕು: ಹ, ಬ, ವಿರಾಮ ಚಿಹ್ನೆ, ಮತ್ತೆ ಬ. ಹಾಗಾಗಿ ಎಣಿಸೋದು ಬಿಟ್ಟು, ಎರಡು ಚಿಕ್ಕ ವಾಕ್ಯ ಮಾಡಿದ್ವಿ. ಎರಡನೆಯದು ಕತ್ತರಿಸಿ ಹೋದರೂ ಮೊದಲನೆಯದು ತಾನೇ ನಿಲ್ಲಬೇಕು.

```html
<meta name="description" content="ದೀಪಾವಳಿಗೆ ಮನೆಯವರೇ ಮಾಡಿದ ಸ್ವೀಟ್ ಬಾಕ್ಸ್: ಮೈಸೂರು ಪಾಕ್, ರವೆ ಉಂಡೆ, ಕೊಬ್ಬರಿ ಮಿಠಾಯಿ. ಸನಿವೇಲ್ ಅಂಗಡಿಗೆ ಬನ್ನಿ, ನಿಮ್ಮ ಹೆಸರಲ್ಲಿ ಎತ್ತಿಟ್ಟಿರ್ತೀವಿ.">
```

ಮೊದಲ ವಾಕ್ಯದಲ್ಲಿ ಹಬ್ಬ, ಮಾಡಿದವರು, ಡಬ್ಬದ ಒಳಗೇನಿದೆ, ಎಲ್ಲಾ ಬಂತು. "ಎತ್ತಿಟ್ಟಿರ್ತೀವಿ" ಅಮ್ಮ ಫೋನಿನಲ್ಲಿ ಹೇಳೋ ಮಾತೇ. "ಅತ್ಯುತ್ತಮ" ಅನ್ನೋದಕ್ಕಿಂತ ಈ ಒಂದು ಪದದಲ್ಲಿ ಆತ್ಮೀಯತೆ ಹೆಚ್ಚಿದೆ, ಯಾಕಂದ್ರೆ ಅದೊಂದು ಭರವಸೆ. ಅಂಗಡಿಯವರು ಹಾಗೆ ನಿಜವಾಗಿ ಎತ್ತಿಡದಿದ್ದರೆ ಆ ಪದ ಹಾಕಬಾರದು.

ಇದರಿಂದ ಆಗದ ಕೆಲಸವೂ ಇದೆ. ಈ ಸಾಲು ಪೇಜನ್ನು ಹುಡುಕಾಟದಲ್ಲಿ ಮೇಲಕ್ಕೆ ಏರಿಸಲ್ಲ. ರ‍್ಯಾಂಕಿಂಗ್‌ಗೆ ಬಳಸಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಕಂಡವರು ಒತ್ತುತ್ತಾರಾ ಇಲ್ವಾ ಅನ್ನೋದಕ್ಕಷ್ಟೇ ಇದು. ಅದೂ ಅಲ್ಲದೆ, ನೀವು ಬರೆದದ್ದೇ ಕಾಣುತ್ತೆ ಅಂತ ಖಾತ್ರಿ ಇಲ್ಲ. ಹುಡುಕಿದ ಪದಗಳಿಗೆ ಪೇಜಿನ ಒಳಗಿನ ಬೇರೆ ಸಾಲು ಹೆಚ್ಚು ಹೊಂದಿದರೆ ಗೂಗಲ್ ಅದನ್ನೇ ತೋರಿಸಬಹುದು. ಬೇ ಏರಿಯಾದಲ್ಲಿ ಕನ್ನಡ ಮಾತಾಡೋ ಎಷ್ಟೋ ಜನ ಟೈಪ್ ಮಾಡೋದು `mysore pak sunnyvale` ಅಂತ. ಅವರಿಗೆ ಇಂಗ್ಲಿಷ್ ಪೇಜಿನ ವಿವರಣೆ ಬೇರೆಯೇ ಬೇಕು. ಕನ್ನಡ ಪೇಜಿನಲ್ಲೂ ಮೇಲಿನ ಪ್ಯಾರಾದಲ್ಲೇ ಇದೇ ಪದಗಳು, ಇದೇ ದನಿ ಇರಲಿ. ಆಗ ಗೂಗಲ್ ಯಾವ ಸಾಲು ಎತ್ತಿಕೊಂಡರೂ ಅಮ್ಮನ ಮಾತೇ ಕೇಳಿಸುತ್ತೆ.

ನೀವು ಇಂಥದ್ದು ಬರೆದರೆ, ಗೂಗಲ್ ಪೇಜನ್ನು ಮತ್ತೆ ಓದಿಕೊಂಡ ಮೇಲೆ, ಫೋನಿನಲ್ಲಿ ಒಂದು ಸಲ ಕನ್ನಡದಲ್ಲಿ, ಒಂದು ಸಲ ಇಂಗ್ಲಿಷ್‌ನಲ್ಲಿ ಹುಡುಕಿ ನೋಡಿ. ಎಲ್ಲಿ ಕತ್ತರಿಸಿದೆ ಅಂತ ಅಲ್ಲೇ ಗೊತ್ತಾಗುತ್ತೆ. ಕೊನೆಗೆ ಉಳಿದ ಪದದವರೆಗೆ ಜೋರಾಗಿ ಓದಿ. ಅಷ್ಟರಲ್ಲೇ ಡಬ್ಬದಲ್ಲಿ ಏನಿದೆ ಅಂತ ತಿಳಿದರೆ ಸಾಕು.