ಲಿಫ್ಟಿಗಿ ಖಡ್ಡಾ ಎಷ್ಟ ಆಳ ಬೇಕು?

ನಮ್ಮ ಮನ್ಯಾಗ ಲಿಫ್ಟ್ ಕೂಡಸ್ತಾರಂತ ಗೊತ್ತಾದ ಮ್ಯಾಲ ವೈನಿ, ಚಿಕ್ಕಮ್ಮ, ಬಾಜೂ ಮನಿ ಅಕ್ಕಾರು ಎಲ್ಲಾರೂ ಕೇಳಿದ್ದು ಒಂದೇ: ರೊಕ್ಕ ಎಷ್ಟಾಯ್ತು? ರೊಕ್ಕದ ಮಾತ ಆಮ್ಯಾಲ ಇರ್ಲಿ. ಮದಲ ಖಡ್ಡಾದ ಮಾತ ಹೇಳ್ತೀನಿ. ಯಾವ ಲಿಫ್ಟ್ ಕೂಡ್ತದ ಅನ್ನೂದು ಅದರ ಮ್ಯಾಲೇ ನಿಂತದ.

ಮದಲ ಬಂದವರು ಹಗ್ಗದ ಲಿಫ್ಟಿನವರು. ಕೆಳಗ 4 ಫೂಟ್ ಖಡ್ಡಾ, ಮ್ಯಾಲಿನ ಮಜಲಿನ ನೆಲದಿಂದ 13 ಫೂಟ್ ಎತ್ತರ ಬೇಕಂದ್ರು. ಇಷ್ಟ್ಯಾಕ್ರೀ ಅಂತ ಕೇಳ್ದೆ. ಡಬ್ಬಿ ಪೂರಾ ಕೆಳಗ ಬಂದಾಗ ಅದರ ಬುಡಕ ಸ್ಪ್ರಿಂಗ್ ಇರಬೇಕು, ರಿಪೇರಿ ಮಾಡಾಂವ ಕುಂದರಲಿಕ್ಕ ಜಾಗಾ ಉಳೀಬೇಕು, ಮ್ಯಾಲೂ ಹಂಗೇ. ಖರೆ ನಮ್ಮದು ಹಳೀ ಮನಿ. ಪಿಲ್ಲರಿನ ಬಾಜೂಕ 4 ಫೂಟ್ ತೋಡಿದ್ರ ಬುನಾದಿ ಕೆಳಗಿನ ಮಣ್ಣೇ ಬಿಚ್ಚಿ ಬೀಳ್ತದ. ಮತ್ತ ನಮ್ಮ ಬೀದರಿನ ಕೆಂಪ ಕಲ್ಲು ತೂತು ತೂತು, ನೀರು ಒಳಗ ಹರೀತದ. ನೌಬಾದದ ಕರೇಜಿಗಿ ನೀರು ಕೂಡಿದ್ದೂ ಇದೇ ಕಲ್ಲಿನಾಗಿಂದ. ಬಾಜೂ ಮನಿಯವರ ಸಂಪಿನ ಖಡ್ಡಾ ಮಳಿಗಾಲ ಪೂರಾ ಒಸರಿದ್ದು ನಾ ನೋಡೀನಿ.

ಅದಕ್ಕ ಎಣ್ಣಿ ಜಾಕಿನ, ಅಂದ್ರ ಹೈಡ್ರಾಲಿಕ್ ಲಿಫ್ಟೇ ಛಲೋ ಅನಿಸ್ತು. ಅದಕ್ಕ ಖಡ್ಡಾ 1 ಫೂಟ್ ಸಾಕು. ಆದ್ರ 1 ಫೂಟೇ ತೋಡ್ರಿ ಅಂತಲ್ಲ. ಜಾಕಿನ ಭಾರ ಎಲ್ಲಾ ಅಲ್ಲೇ ಇಳೀತದ, ಕೆಳಗ ಸರಳು ಹಾಕಿದ 8 ಇಂಚಿನ ಕಾಂಕ್ರೀಟು ಬೇಕು. ಅದರ ಬುಡಕ ಬೆಡ್ ಹಿಡದ್ರ ತೋಡೂದು 2 ಫೂಟ್ ಆಯ್ತು. ಆ 1 ಫೂಟ್ ಅಳೀಬೇಕಾದ್ದು ಟೈಲ್ಸ್ ಕೂಡಿಸಿದ ನೆಲದಿಂದ. ಖಡ್ಡಾ ಸಣ್ಣದಂದ್ರ ರಿಪೇರಿ ಟೈಮಿಗಿ ಡಬ್ಬಿ ತಡೀಲಿಕ್ಕ ಕಬ್ಬಿಣದ ಆಸರಾ ಕೊಡ್ತಾರೇನು, ಇದನ್ನ ಮರೀಲಾರದ ಕೇಳ್ರಿ.

ಜಾಗಾ ಅಂದ್ರ ನಮ್ಮ ಹಳೀ ಸಾಮಾನಿನ ಖೋಲಿ, 5 ಫೂಟಿಗಿ 5. ಮೇಸ್ತ್ರಿ ಮ್ಯಾಲಿಂದ ಗುಂಡು ಬಿಟ್ಟು ನಾಕೂ ಮೂಲಿ ನೋಡಿದ, ಗ್ವಾಡಿ ಓರೆ ಇತ್ತು. ಮ್ಯಾಲ ಹೋಗೂದ್ರಾಗ 4 ಫೂಟ್ 10 ಇಂಚೇ ಉಳೀತು. ಎಲ್ಲಿ ಎಲ್ಲಾಕಿಂತ ಸಣ್ಣ ಅದನೋ ಅದೇ ಲೆಕ್ಕ, ಅದೂ ಗಿಲಾವ್ ಆದ ಮ್ಯಾಲ. ಅದ್ರಾಗ ಒಂದ ಬಾಜೂ ಜಾಕಿ, ಹಳಿ ಸುಮಾರು ಸವ್ವಾ ಫೂಟ್ ತಿಂತಾವ. ಮುಂದ ಬಾಗಲಾ 1 ಫೂಟ್ ತಿಂತದ. ಒಳಗ ಉಳದಿದ್ದು ಅಗಲ 3 ಫೂಟ್ 7 ಇಂಚು, ಉದ್ದ 3 ಫೂಟ್ 10. ಅತ್ತಿಯವರ ಗಾಲಿ ಕುರ್ಚಿ ಮೂರೂವರಿ ಫೂಟ್ ಉದ್ದ, ನೆಟ್ಟಗ ಹೋಗ್ತದ. ಹಿಂದ ದೂಡಾಕಿ ನಾ ಹಿಡ್ಯಾಂಗಿಲ್ಲ, ಬಾಜೂಕ ಸರದು ನಿಂದರಬೇಕು.

ಮಾಳಗಿ ಮ್ಯಾಲ ಮಷೀನ್ ರೂಮ್ ಕಟ್ಟೂದು ತಪ್ಪಿತು. ಎಣ್ಣಿ ಟಾಕಿ, ಮೋಟಾರು ಒಂದ ಕಪಾಟಿನಷ್ಟೇ ಜಾಗಾ ಹಿಡೀತಾವ. ಎಣ್ಣಿ ಕಾಯ್ತದ, ಅದಕ್ಕ ಗಾಳಿ ಆಡೂ ಹಂಗ ಜಾಳಿ ಬಾಗಲಾ ಇಡಸೀವಿ. ಕರೆಂಟ್ ಹೋದ್ರ ಬ್ಯಾಟರಿ ಮ್ಯಾಲ ಎಣ್ಣಿ ಮೆಲ್ಲಕ ವಾಪಸ್ ಬಿಟ್ಟು ಡಬ್ಬಿ ಕೆಳಗ ಇಳೀತದ, ಮ್ಯಾಲ ಏರಂಗಿಲ್ಲ. ಪೈಪು ಅಷ್ಟ ದೂರ ಹೋಗ್ತದಂತ ಕಪಾಟು ಜೀನ್ಯಾದ ಬುಡಕ ಕೂಡ್ತು. ಅಲ್ಲಿದ್ದ ಜ್ವಾಳದ ಡಬ್ಬಿ ಮಾತ್ರ ಈಗ ನಮ್ಮ ಅಡಗಿ ಮನ್ಯಾಗ ಬಂದ ಕುಂತಾವ.