ಊರಿನ ಹೆಸರಿಲ್ಲದ ಮುದ್ರೆ

ಟಪಾಲು ಹಂಚುವವನಿಗೆ ಕಾಗದ ಒಡೆದು ಓದುವ ಹಕ್ಕಿಲ್ಲ. ಆದರೆ ಲಕೋಟೆಯ ಹೊರಮೈ ಓದದೆ ಅವನ ಕೆಲಸ ನಡೆಯುವುದೂ ಇಲ್ಲ. ವಿಳಾಸಕ್ಕಿಂತ ಹೆಚ್ಚು ಹೇಳುವುದು ಮುದ್ರೆ. ಅಂಚೆಚೀಟಿಯ ಮೇಲೆ ಬಿದ್ದದ್ದು ಕಾಗದ ಹೊರಟ ಕಚೇರಿಯದು, ಬೆನ್ನಿಗೆ ಬಿದ್ದದ್ದು ಅದು ಬಂದು ಸೇರಿದ ಕಚೇರಿಯದು. ಎರಡರ ನಡುವೆ ಎಷ್ಟು ದಿನ ಕಳೆದಿದೆ ಎಂದು ನೋಡುವುದು ಸೇವೆಯಲ್ಲಿದ್ದಷ್ಟು ಕಾಲ ನನಗೆ ಅಭ್ಯಾಸವಾಗಿಹೋಗಿತ್ತು. ನಿವೃತ್ತನಾದ ಮೇಲೂ ಬಿಟ್ಟಿಲ್ಲ.

ಆಗ ನಾನು ಅರಸೀಕೆರೆ ಕಡೆಯ ಒಂದು ಊರಿನಲ್ಲಿದ್ದೆ. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಇದು ಅದಾಗಿ ಒಂದೆರಡು ವರ್ಷದ ಮಾತು. ಜನ ಇನ್ನೂ ಆ ಆರು ಅಂಕಿಗಳನ್ನು ಬರೆಯುತ್ತಿರಲಿಲ್ಲ. ‘ತಿಪಟೂರು, ಪೇಟೆ ಬೀದಿ’ ಎಂದರೆ ಸಾಕಾಗಿತ್ತು.

ಒಂದು ಮಧ್ಯಾಹ್ನ ಹಳೇ ಶಾನುಭೋಗರು ಜಗುಲಿಯಿಂದ ಕೂಗಿದರು.

“ಅಯ್ಯಾ ಅಂಚೆಯವನೇ, ಇತ್ತ ಬಾರಯ್ಯಾ. ಯಾವನೋ ಪಾಪಿಷ್ಠ ನಮ್ಮ ಮನೆತನದ ಮೇಲೆ ಹಗೆ ಸಾಧಿಸುತ್ತಿದ್ದಾನೆ.”

“ಅಪ್ಪಣೆಯಾಗಲಿ ಸ್ವಾಮಿ.”

ಮೊಮ್ಮಗಳಿಗೆ ಬಂದ ಮೂರು ಸಂಬಂಧಗಳೂ ಮೂಕರ್ಜಿಯಿಂದ ಮುರಿದಿದ್ದವು. ಹುಡುಗಿಗೆ ಮೂರ್ಛೆ ರೋಗ ಎಂದು ಗಂಡಿನ ಮನೆಗಳಿಗೆ ಯಾರೋ ಬರೆದಿದ್ದರು. ಮೂಕರ್ಜಿಯಷ್ಟು ಹೇಯವಾದ ಟಪಾಲು ಇನ್ನೊಂದಿಲ್ಲ. ಒಳಗಿರುವುದು ಗೊತ್ತಿಲ್ಲದೆ ನಾವೇ ಅದನ್ನು ಕೈಯಾರೆ ಹಂಚಿ ಬರುತ್ತೇವಲ್ಲ, ಆ ಸಂಕಟ ಬೇರೆ. ಮಾತುಕತೆ ನಡೆಸಿದ್ದ ದಲ್ಲಾಳಿ ಮೂರು ಲಕೋಟೆಗಳನ್ನೂ ವಾಪಸು ತಂದುಕೊಟ್ಟಿದ್ದ.

“ಒಳಗಿನ ಕಾಗದ ತಮ್ಮಲ್ಲೇ ಇರಲಿ. ಲಕೋಟೆ ಮಾತ್ರ ದಯಪಾಲಿಸಿ” ಎಂದೆ.

ಬಿಸಿಲಿಗೆ ಹಿಡಿದು ನೋಡಿದೆ. ಎಡಗೈಯಲ್ಲಿ ಬರೆದಂಥ ಸೊಟ್ಟ ಅಕ್ಷರ. ಮೂರರ ಮುದ್ರೆಯಲ್ಲೂ ಊರಿನ ಹೆಸರಿರಲಿಲ್ಲ. ಇದ್ದದ್ದು ಆರ್.ಎಂ.ಎಸ್. ಎಂಬ ಅಕ್ಷರಗಳು, ವಿಭಾಗದ ಸಂಖ್ಯೆ, ‘ಔಟ್’, ಒಂದು ಸೆಟ್ ನಂಬರು ಮತ್ತು ತಾರೀಖು. ಅದು ರೈಲಿನ ಟಪಾಲು ಡಬ್ಬಿಯ ಮುದ್ರೆ. ಆ ಡಬ್ಬಿಯ ಹೊರಮೈಯಲ್ಲಿ ಕಾಗದ ಹಾಕಲು ಒಂದು ಸೀಳು ಇರುತ್ತಿತ್ತು. ರೈಲು ನಿಂತಾಗ ಅದರೊಳಗೆ ಹಾಕಿದರೆ, ಒಳಗಿದ್ದ ಸಾರ್ಟರುಗಳು ಓಡುವ ಗಾಡಿಯಲ್ಲೇ ಮುದ್ರೆ ಹೊಡೆದು, ಊರುವಾರು ಬೇರ್ಪಡಿಸಿ ಚೀಲಕ್ಕೆ ಹಾಕುತ್ತಿದ್ದರು. ಯಾವ ನಿಲ್ದಾಣದಲ್ಲಿ ಹಾಕಿದ್ದೆಂದು ಆ ಮುದ್ರೆ ಹೇಳುವುದಿಲ್ಲ. ಊರು ಮುಚ್ಚಿಡಬೇಕಾದವನಿಗೆ ಅದಕ್ಕಿಂತ ಒಳ್ಳೆಯ ಡಬ್ಬಿ ಇರಲಿಲ್ಲ. ಆದರೆ ಆ ಡಬ್ಬಿ ಸಿಗಬೇಕಾದರೆ ರೈಲಿನ ಹತ್ತಿರ ಹೋಗಲೇಬೇಕಾಗಿತ್ತು.

“ಇವು ರೈಲಿಗೆ ಹಾಕಿದ ಕಾಗದ ಸ್ವಾಮಿ. ಅಪ್ಪಣೆಯಾದರೆ ತಮ್ಮ ಕಾಗದದ ತಂತಿ ನೋಡಬಹುದೇ?”

“ಅದರಲ್ಲೇನಿದೆಯೋ ಮಹಾರಾಯ! ಎಲ್ಲ ನೀನು ತಂದುಕೊಟ್ಟವೇ. ನೋಡಿಕೋ.”

ಆಗಿನ ಮನೆಗಳಲ್ಲಿ ಬಂದ ಕಾಗದವನ್ನು ಓದಿ ಗೋಡೆಯ ಕೊಕ್ಕೆತಂತಿಗೆ ಚುಚ್ಚಿಡುತ್ತಿದ್ದರು. ಹೊಸದು ಮೇಲೆ, ಹಳೆಯದು ಕೆಳಗೆ. ಇಡೀ ವರ್ಷ ತಾರೀಖಿನ ಕ್ರಮದಲ್ಲೇ ಸಿಗುತ್ತಿತ್ತು. ಶಾನುಭೋಗರ ಮೊಮ್ಮಗ ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ರಜಾ ಮುಗಿಸಿ ಹಿಂತಿರುಗಿದಾಗಲೆಲ್ಲ ‘ಕ್ಷೇಮವಾಗಿ ತಲುಪಿದೆ’ ಎಂದು ಕಾರ್ಡು ಹಾಕುತ್ತಿದ್ದ. ದಸರೆ, ಸಂಕ್ರಾಂತಿ, ಯುಗಾದಿ ಕಳೆದು ಬಂದ ಕಾರ್ಡುಗಳು ತಂತಿಯಲ್ಲಿದ್ದವು. ಮೂರಕ್ಕೂ ಬೆಂಗಳೂರಿನ ಮುದ್ರೆ. ಮೂಕರ್ಜಿಗಳ ಮೇಲೆ ಇದ್ದದ್ದು ಸರಿಯಾಗಿ ಅದರ ಹಿಂದಿನ ದಿನದ ತಾರೀಖು.

ಕಾಗದ ರೈಲಿಗೆ ಹಾಕಿದವನು ಯಾರೆಂದು ತಿಳಿಯಿತು. ಬರೆದವರು ಯಾರು ಎಂಬುದು ಲಕೋಟೆಯ ಕೆಳತುದಿಯಲ್ಲಿತ್ತು. ಮೂರು ವಿಳಾಸಗಳಲ್ಲೂ ಪಿನ್ ಕೋಡ್ ಇತ್ತು. ತಿಪಟೂರಿನದು 572201, ಒಂದಂಕಿಯೂ ತಪ್ಪಿಲ್ಲ. ನನ್ನ ಬೀಟಿನಲ್ಲಿ ಪಿನ್ ಕೇಳಿದವರು ಒಬ್ಬರೇ. ಆ ಹುಡುಗಿ ಬಾಗಿಲಲ್ಲಿ ನಿಂತು, “ಅಂಚೆಯಣ್ಣ, ತಿಪಟೂರಿನ ನಂಬರು ಎಷ್ಟು? ಕಡೂರಿನದು? ಹಾಸನದ್ದು?” ಎಂದು ಆಗೊಮ್ಮೆ ಈಗೊಮ್ಮೆ ಕೇಳಿದ್ದಳು. ನಾನು ಆಫೀಸಿನ ಪುಸ್ತಕ ನೋಡಿ ಬಂದು ಹೇಳಿದ್ದೆ. ಸಂಬಂಧ ಬಂದಿದ್ದೂ ಆ ಮೂರು ಊರುಗಳಿಂದಲೇ. ತನ್ನ ಮೇಲೆ ತಾನೇ ಮೂಕರ್ಜಿ ಬರೆದು ತಮ್ಮನ ಕೈಲಿ ಕಳಿಸಿದ್ದಳು. ಕದದ ಸಂದಿನಲ್ಲಿ ಸೀರೆಯ ಅಂಚು ಕಾಣುತ್ತಿತ್ತು.

“ಏನು ಹೇಳುತ್ತದಯ್ಯಾ ನಿನ್ನ ಮುದ್ರೆ? ಆ ದ್ರೋಹಿ ಯಾರು?”

“ಹೊರಗಿನ ಹಗೆಯಲ್ಲ ಸ್ವಾಮಿ. ಅಷ್ಟು ಮಾತ್ರ ಹೇಳಬಲ್ಲೆ. ಮೊಮ್ಮಗಳಿಗೆ ಈಗ ಮದುವೆ ಇಷ್ಟವೋ ಇಲ್ಲವೋ, ತಾವೇ ಕೂರಿಸಿಕೊಂಡು ಕೇಳಬೇಕು. ಗದರಬಾರದು.”

ಮುದುಕರು ಬಹಳ ಹೊತ್ತು ಲಕೋಟೆಗಳನ್ನೇ ನೋಡಿದರು. “ಆ ಮಾತು ಅವಳನ್ನು ಈ ಮನೆಯಲ್ಲಿ ಯಾರೂ ಕೇಳಲಿಲ್ಲವಯ್ಯಾ” ಎಂದರು.

ಅವರು ಕೇಳಿದರು, ಗದರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಟೀಚರ್ ಟ್ರೈನಿಂಗ್. ಮುಂದಿನ ವರ್ಷ ಅರ್ಜಿ ಹಾಕಿದಳು. ಅದರ ರಿಜಿಸ್ಟರ್ಡ್ ಉತ್ತರವನ್ನು ನಾನೇ ಒಯ್ದು ಅವಳ ಸಹಿ ಹಾಕಿಸಿಕೊಂಡೆ. ಮದುವೆ ಆಮೇಲೆ ನಿಧಾನವಾಗಿ ಆಯಿತು, ಮೂಕರ್ಜಿಯ ಕಾಟವಿಲ್ಲದೆ.

ನಿಮ್ಮ ಮನೆಯ ಅಟ್ಟದಲ್ಲಿ ಅಂಥ ತಂತಿ ಇದ್ದರೆ ದಯವಿಟ್ಟು ಹಳೇ ಕಾಗದವೆಂದು ರದ್ದಿಗೆ ಹಾಕಬೇಡಿ. ಹಾಕಲೇಬೇಕಾದರೂ ಮೊದಲು ಮುದ್ರೆಗಳನ್ನು ಒಮ್ಮೆ ಬಿಸಿಲಿಗೆ ಹಿಡಿದು ಓದಿ.